ಕೋಟು ಅಂಟಿಸದ ಮುಖ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಫೋಟೊ ಸ್ಟುಡಿಯೊಗಳ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಒಂದು ಫೋಲ್ಡರ್ ಇರುತ್ತದೆ. ಅದರ ತುಂಬ ಕೋಟುಗಳು. ಕಪ್ಪು ಕೋಟು, ನೀಲಿ ಕೋಟು, ಕೆಂಪು ಟೈ ಇರುವುದು, ಗೆರೆ ಟೈ ಇರುವುದು, ಹೆಣ್ಣುಮಕ್ಕಳಿಗೆ ಬೇರೆಯವು. ಡಿಗ್ರಿ ಮುಗಿಸಿದ ಹುಡುಗ ಚೆಕ್ಸ್ ಶರ್ಟಿನಲ್ಲಿ ಬಂದು ಸ್ಟೂಲಿನ ಮೇಲೆ ಕೂರುತ್ತಾನೆ, ಒಂದು ಕ್ಲಿಕ್ ಆಗುತ್ತದೆ. "ಕೆಲಸಕ್ಕಾ? ಕೋಟ್ ಹಾಕ್ಬಿಡ್ಲಾ?" ಎಂದು ಸ್ಟುಡಿಯೊದವರು ಕೇಳುತ್ತಾರೆ. "ಹಾಕ್ಬಿಡಣ್ಣ" ಎಂದು ಹುಡುಗ ಹೇಳುತ್ತಾನೆ. ಐದು ನಿಮಿಷದಲ್ಲಿ ಅವನ ಕತ್ತು ಯಾರದೋ ಹೆಗಲ ಮೇಲೆ ಕೂತು, ಮುಖ ಒಂದೆರಡು ಬಣ್ಣ ತಿಳಿಯಾಗಿ, ಹಿಂದೆ ಅಚ್ಚ ನೀಲಿ ಪರದೆ ಬಂದಿರುತ್ತದೆ. ಅರ್ಜಿ ಫಾರಮ್ಮಿಗೆ ಅಂಟಿಸುವ ಕಾಲದಿಂದ ಬಂದ ಈ ಪದ್ಧತಿ ಈಗ ಲಿಂಕ್ಡ್‌ಇನ್‌ಗೂ ಬಂದಿದೆ.

ಸ್ಟುಡಿಯೊದವರ ಉದ್ದೇಶ ಒಳ್ಳೆಯದೇ. ಹುಡುಗನದೂ ಅಷ್ಟೆ. ಮೈಸೂರಿನ ಹೆಬ್ಬಾಳದಲ್ಲೋ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೋ ಕೂತು ಪ್ರೊಫೈಲ್ ನೋಡುವವರಿಗೆ ತಾನು ಗಂಭೀರವಾಗಿ ಕಾಣಬೇಕು ಎಂಬುದು ಅವನ ಆಸೆ. ಆದರೆ ದಿನಕ್ಕೆ ನೂರಾರು ಮುಖ ನೋಡುವ ನೇಮಕಾತಿ ವಿಭಾಗದವರ ಕಣ್ಣಿಗೆ ಆ ಫೋಟೊದಲ್ಲಿ ಮೊದಲು ಬೀಳುವುದು ಹುಡುಗನ ಮುಖವಲ್ಲ, ಕತ್ತು ಮತ್ತು ಕಾಲರ್ ಸೇರುವ ಜಾಗ. ಅಲ್ಲಿ ಚರ್ಮದ ಬಣ್ಣ ಒಂದು, ನೆರಳಿನ ದಿಕ್ಕು ಇನ್ನೊಂದು. ಮುಖದ ಮೇಲೆ ಬೆಳಕು ಎಡದಿಂದ ಬಿದ್ದಿದ್ದರೆ ಕೋಟಿನ ಮೇಲೆ ಬಲದಿಂದ ಬಿದ್ದಿರುತ್ತದೆ. ಏನು ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳಲು ಬಾರದಿದ್ದರೂ, ಏನೋ ಸರಿಯಿಲ್ಲ ಎಂಬುದು ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ಎಷ್ಟು ಬೇಗ ಗೊತ್ತಾಗುತ್ತದೆ ಎಂಬುದನ್ನು ಅಳೆದವರಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ತೊದೊರೊವ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರ ಮುಖಗಳನ್ನು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿ, ಈ ವ್ಯಕ್ತಿ ನಂಬಿಕಸ್ಥನೇ ಎಂದು ಕೇಳಲಾಯಿತು. ಸಮಯದ ಮಿತಿಯೇ ಇಲ್ಲದೆ ನೋಡಿದವರು ಕೊಟ್ಟ ಉತ್ತರಕ್ಕೂ ಆ ಕ್ಷಣಮಾತ್ರದ ಉತ್ತರಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೆಚ್ಚು ಹೊತ್ತು ನೋಡಿದವರಲ್ಲಿ ಹೆಚ್ಚಿದ್ದು ಮುಖ್ಯವಾಗಿ ತಮ್ಮ ತೀರ್ಮಾನದ ಮೇಲಿನ ಭರವಸೆ. ಇಂಥ ತೀರ್ಮಾನ ಎಷ್ಟೋ ಸಲ ತಪ್ಪಾಗಿರುತ್ತದೆ ಎಂಬುದನ್ನೂ ತೊದೊರೊವ್ ಅವರೇ ಮುಂದೆ ವಿವರವಾಗಿ ಬರೆದಿದ್ದಾರೆ. ಮುಖ ನೋಡಿ ಗುಣ ಹೇಳಲು ಆಗುವುದಿಲ್ಲ. ಆದರೂ ಜನ ಹೇಳುತ್ತಾರೆ, ತಕ್ಷಣವೇ ಹೇಳುತ್ತಾರೆ. ಹಾಗಾಗಿ ಫೋಟೊದ ಕೆಲಸ ಸುಂದರವಾಗಿ ಕಾಣಿಸುವುದಲ್ಲ, ನೋಡಿದವರ ಮನಸ್ಸಿನಲ್ಲಿ ಸಂಶಯ ಏಳದಂತೆ ನೋಡಿಕೊಳ್ಳುವುದು. ನಂಬಿಕೆ ಹುಟ್ಟಿಸುವ ಕೆಲಸ ಆಮೇಲಿನದು, ಅದಕ್ಕೆ ಪ್ರೊಫೈಲಿನಲ್ಲಿ ಬೇರೆ ಜಾಗವಿದೆ.

ಸಂಶಯಕ್ಕೆ ಕಾರಣವೂ ಇದೆ. 2022ರ ಮಾರ್ಚಿನಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರಾದ ರೆನೀ ಡಿರೆಸ್ಟಾ ಮತ್ತು ಜಾಶ್ ಗೋಲ್ಡ್‌ಸ್ಟೈನ್ ಸಾವಿರಕ್ಕೂ ಹೆಚ್ಚು ಲಿಂಕ್ಡ್‌ಇನ್ ಪ್ರೊಫೈಲುಗಳಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಮುಖಗಳಿರುವುದನ್ನು ಬಯಲಿಗೆ ತಂದರು. ಡಿರೆಸ್ಟಾ ಅವರಿಗೆ ಒಂದು ಮಾರಾಟದ ಸಂದೇಶ ಬಂದಿತ್ತು. ಕಳಿಸಿದವಳ ಫೋಟೊದಲ್ಲಿ ಕಣ್ಣುಗಳು ಚಿತ್ರದ ನಟ್ಟನಡುವೆ ಅಳತೆ ಹಿಡಿದಂತೆ ಕೂತಿದ್ದವು, ಕಿವಿಯೋಲೆ ಒಂದೇ ಕಿವಿಯಲ್ಲಿತ್ತು, ಕೂದಲಿನ ಎಳೆಗಳು ಹಿನ್ನೆಲೆಯಲ್ಲಿ ಕರಗಿ ಮಾಯವಾಗುತ್ತಿದ್ದವು, ಹಿನ್ನೆಲೆ ಯಾವ ಜಾಗ ಎಂಬುದೇ ತಿಳಿಯುತ್ತಿರಲಿಲ್ಲ. ಅಲ್ಲಿಂದ ಹುಡುಕಾಟ ಶುರುವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲಿಂಕ್ಡ್‌ಇನ್, ಒಂದು ಪ್ರೊಫೈಲ್ ಯಾವಾಗ ತೆರೆದದ್ದು, ಯಾವಾಗ ಬದಲಾದದ್ದು ಎಂದು ತೋರಿಸುವ ಸೌಲಭ್ಯ ತಂದಿತು. ಯಂತ್ರ ಸೃಷ್ಟಿಸಿದ ಮುಖಗಳನ್ನು ಪತ್ತೆ ಮಾಡುತ್ತಿರುವುದಾಗಿಯೂ ಹೇಳಿತು.

ಇದರಿಂದ ನಮ್ಮ ಕಡೆಯ ಹುಡುಗನಿಗೆ ಏನು? ಅಂಟಿಸಿದ ಕೋಟು, ನುಣುಪಾದ ಚರ್ಮ, ಊರಿಲ್ಲದ ಹಿನ್ನೆಲೆ, ಇವೆಲ್ಲ ಈಗ ನಕಲಿ ಪ್ರೊಫೈಲಿನ ಲಕ್ಷಣಗಳು. ಅವನು ನಿಜವಾದ ಮನುಷ್ಯ, ನಿಜವಾಗಿ ಓದಿದವನು. ಆದರೆ ಅವನ ಫೋಟೊ ಇಲ್ಲದವನ ಫೋಟೊದಂತಿದೆ.

ಒಂದು ಪ್ರೊಫೈಲನ್ನೇ ಎದುರಿಗಿಟ್ಟುಕೊಂಡು ನೋಡುವುದು ಒಳ್ಳೆಯದು. ಕೆ.ಆರ್.ನಗರ ತಾಲ್ಲೂಕಿನ ಹಳ್ಳಿಯ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ, ಹುಣಸೂರಿನ ಆಡಿಟರ್ ಆಫೀಸೊಂದರಲ್ಲಿ ಎರಡು ವರ್ಷ ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸ ಮಾಡಿದ್ದಾಳೆ, ಈಗ ಮೈಸೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗಕ್ಕೆ ಸೇರಬೇಕೆಂದಿದ್ದಾಳೆ ಎಂದು ಇಟ್ಟುಕೊಳ್ಳೋಣ. ಅವಳ ಬಳಿ ಇರುವುದು ಒಂದು ಸಾಧಾರಣ ಮೊಬೈಲು. ಅಷ್ಟು ಸಾಕು.

ಫೋಟೊ ತೆಗೆಯಲು ಮನೆಯ ಬಾಗಿಲು ಒಳ್ಳೆಯ ಜಾಗ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಥವಾ ಸಂಜೆ ನಾಲ್ಕರ ನಂತರ, ಬಿಸಿಲು ನೇರ ಬೀಳದ ಬಾಗಿಲಿನ ಒಳಗೆ ಎರಡು ಹೆಜ್ಜೆ ಹಿಂದೆ ಹೊರಗಿನ ಕಡೆ ಮುಖಮಾಡಿ ನಿಂತರೆ ಬೆಳಕು ಎರಡೂ ಕೆನ್ನೆಗೆ ಸಮವಾಗಿ ಬೀಳುತ್ತದೆ. ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಕೆಳಗೆ ಕಪ್ಪು ಹಳ್ಳ ಮಾಡುತ್ತದೆ, ಅದು ಬೇಡ. ಫೋಟೊ ತಂಗಿಯೋ ತಮ್ಮನೋ ತೆಗೆಯಲಿ, ಸೆಲ್ಫಿ ಬೇಡ. ಸೆಲ್ಫಿಯಲ್ಲಿ ಮೊಬೈಲು ಮುಖಕ್ಕೆ ಒಂದು ಮೊಳದಷ್ಟು ಹತ್ತಿರ ಇರುವುದರಿಂದ ಮೂಗು ದಪ್ಪವಾಗಿ, ಕಿವಿ ಹಿಂದೆ ಸರಿದಂತೆ ಬರುತ್ತದೆ. ತೆಗೆಯುವವರು ಐದಾರು ಅಡಿ ದೂರ ನಿಂತು, ಮೊಬೈಲನ್ನು ಅವಳ ಕಣ್ಣಿನ ಎತ್ತರಕ್ಕೇ ಹಿಡಿದು, ಎರಡರಷ್ಟು ಝೂಮ್ ಮಾಡಿ ತೆಗೆದರೆ ಮುಖ ಎದುರಿಗೆ ನಿಂತವರಿಗೆ ಕಾಣುವ ಹಾಗೇ ಬರುತ್ತದೆ.

ಅದಕ್ಕೂ ಮುಂಚೆ ಮೊಬೈಲಿನ ಬ್ಯೂಟಿ ಮೋಡ್ ಬಂದ್ ಮಾಡಬೇಕು. ಎಷ್ಟೋ ಫೋನುಗಳಲ್ಲಿ ಇದು ಮೊದಲಿನಿಂದಲೇ ಆನ್ ಇರುತ್ತದೆ, ಕೇಳದೆಯೇ ಚರ್ಮ ಬಿಳುಪು ಮಾಡುತ್ತದೆ, ದವಡೆ ಸಣ್ಣ ಮಾಡುತ್ತದೆ. ಬಿಳುಪು ಎಂದರೆ ಅಂದ ಎಂಬ ಮಾತನ್ನು ಕೇಳುತ್ತ ಬೆಳೆದ ಹುಡುಗಿಯರಿಗೆ ಈ ಸೌಲಭ್ಯ ಬಿಡುವುದು ಸುಲಭವಲ್ಲ, ಇದು ಅವರ ತಪ್ಪೂ ಅಲ್ಲ. ಆದರೆ ಸಂದರ್ಶನದ ದಿನ ಆಫೀಸಿನ ಗಾಜಿನ ಬಾಗಿಲು ತೆಗೆದು ಒಳಗೆ ಬರುವವಳು ಫೋಟೊದಲ್ಲಿದ್ದವಳೇ ಆಗಿರಬೇಕು. ಕ್ಷಣಕಾಲ ಗುರುತು ಹಿಡಿಯಲು ತಡವಾದರೂ ಫೋಟೊ ಸಂಪಾದಿಸಿಕೊಟ್ಟ ನಂಬಿಕೆ ಅಲ್ಲಿಯೇ ಹೋಗುತ್ತದೆ. ಇದೇ ಕಾರಣಕ್ಕೆ ಹಣೆಯ ಕುಂಕುಮ, ವಿಭೂತಿ, ಹಿಜಾಬ್, ಮುಡಿದ ಹೂವು, ದಿನವೂ ಹೇಗಿರುತ್ತದೋ ಹಾಗೇ ಇರಲಿ. ಕೆಲಸಕ್ಕೆ ದಿನಾ ಹಾಕಿಕೊಂಡು ಹೋಗುವ ಬಟ್ಟೆಯೇ ಸರಿ. ಇಸ್ತ್ರಿ ಮಾಡಿದ ಚೂಡಿದಾರ್ ಕಂಪ್ಯೂಟರಿನ ಕೋಟಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಲಿಂಕ್ಡ್‌ಇನ್ ಫೋಟೊವನ್ನು ದುಂಡಗೆ ಕತ್ತರಿಸುತ್ತದೆ. ಆ ದುಂಡಿನಲ್ಲಿ ಮುಖವೇ ನೂರಕ್ಕೆ ಸುಮಾರು ಅರವತ್ತು ಭಾಗ ತುಂಬಿರಲಿ ಎಂಬುದು ಅವರದೇ ಸಲಹೆ. ಯಾಕೆಂದರೆ ಹುಡುಕಾಟದ ಪಟ್ಟಿಯಲ್ಲಿ, ಮೊಬೈಲಿನಲ್ಲಿ, ಆ ದುಂಡು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಸೊಂಟದವರೆಗಿನ ಫೋಟೊ ಹಾಕಿದರೆ ಅಲ್ಲಿ ಮುಖ ಒಂದು ಚುಕ್ಕೆ. ಕನಿಷ್ಠ 400 ಪಿಕ್ಸೆಲ್ ಅಗಲ, 400 ಪಿಕ್ಸೆಲ್ ಎತ್ತರ ಬೇಕು. ಇದು ಈಗಿನ ಯಾವ ಮೊಬೈಲಿಗೂ ದೊಡ್ಡ ಮಾತಲ್ಲ, ಆದರೂ ಮಸುಕು ಫೋಟೊಗಳು ತುಂಬಿವೆ. ಕಾರಣ ಎರಡು. ಒಂದು, ಅಕ್ಕನ ಮದುವೆಯ ಗುಂಪು ಫೋಟೊದಿಂದ ತನ್ನ ಮುಖವನ್ನಷ್ಟೇ ಕತ್ತರಿಸಿ ತೆಗೆಯುವುದು. ಹಾಗೆ ತೆಗೆದಾಗ ಪಕ್ಕದವರ ಹೆಗಲೋ ರೇಷ್ಮೆ ಸೀರೆಯ ಅಂಚೋ ಮೂಲೆಯಲ್ಲಿ ಉಳಿದಿರುತ್ತದೆ, ಮುಖಕ್ಕೆ ಸಿಗುವ ಪಿಕ್ಸೆಲ್ಲುಗಳೂ ಬೆರಳೆಣಿಕೆ. ಎರಡು, ವಾಟ್ಸ್ಆ್ಯಪ್. ಸ್ಟುಡಿಯೊದವರು ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಅಲ್ಲಿಂದ ಇನ್ನೊಬ್ಬರಿಗೆ ಹೋದರೆ ಇನ್ನಷ್ಟು ಕೆಡುತ್ತದೆ. ಅದನ್ನೇ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿದರೆ ತೆಗೆದ ಹಾಗೇ ಬರುತ್ತದೆ.

ಫೋಟೊ ಹಾಕಿದ ಮೇಲೂ ಒಂದು ಬಾಗಿಲು ಮುಚ್ಚಿರಬಹುದು. ಪ್ರೊಫೈಲ್ ಫೋಟೊ ಯಾರಿಗೆ ಕಾಣಬೇಕು ಎಂಬ ಆಯ್ಕೆ ಲಿಂಕ್ಡ್‌ಇನ್‌ನಲ್ಲಿದೆ. ನೇರ ಪರಿಚಯದವರಿಗೆ ಮಾತ್ರ, ಪರಿಚಯದ ಜಾಲಕ್ಕೆ ಮಾತ್ರ, ಎಲ್ಲ ಸದಸ್ಯರಿಗೆ, ಇಲ್ಲವೇ ಹೊರಗಿನ ಎಲ್ಲರಿಗೂ. ಮೊದಲನೆಯದನ್ನು ಆರಿಸಿದವರಿಗೆ ತಮ್ಮ ಫೋಟೊ ಕಾಣುತ್ತಿರುತ್ತದೆ, ಗೆಳೆಯರಿಗೂ ಕಾಣುತ್ತದೆ. ಮೈಸೂರಿನ ಕಂಪನಿಯವರಿಗೆ ಮಾತ್ರ ಬೂದು ಬಣ್ಣದ ಬೊಂಬೆ ಕಾಣುತ್ತದೆ. ತಿಂಗಳುಗಟ್ಟಲೆ ಇದು ಗೊತ್ತಾಗದೇ ಇರಬಹುದು. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತನ್ನದೇ ಪ್ರೊಫೈಲಿನ ವಿಳಾಸ ಹಾಕಿ ನೋಡುವುದು, ಖಾತೆ ಇರುವ ಅಪರಿಚಿತರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡುವುದು, ಇಷ್ಟು ಮಾಡಿದರೆ ಸಾಕು.

ಆದರೆ ಫೋಟೊ ಎಲ್ಲರಿಗೂ ಕಾಣಲಿ ಎಂದು ಹೇಳಿಬಿಡುವುದು ಪಟ್ಟಣದಲ್ಲಿ ಕೂತವರಿಗೆ ಸುಲಭ. ಹಳ್ಳಿಯ ಮನೆಯಲ್ಲಿ ಮಗಳ ಫೋಟೊ ಇಂಟರ್‌ನೆಟ್ಟಿನಲ್ಲಿದೆ ಎಂದರೆ ಅಪ್ಪನ ನಿದ್ದೆ ಹಾರುತ್ತದೆ. ಆ ಭಯ ಬುಡವಿಲ್ಲದ್ದಲ್ಲ, ಫೋಟೊಗಳನ್ನು ಕದ್ದು ಕೆಟ್ಟದಕ್ಕೆ ಬಳಸುವವರು ಇದ್ದಾರೆ. ಹಾಗಿದ್ದಾಗ ಎಲ್ಲ ಸದಸ್ಯರಿಗೆ ಎಂಬ ನಡುವಿನ ಆಯ್ಕೆ ಒಳ್ಳೆಯ ರಾಜಿ. ಖಾತೆಯಿಲ್ಲದ ಹೊರಗಿನವರಿಗೆ, ಗೂಗಲ್ ಹುಡುಕಾಟಕ್ಕೆ ಫೋಟೊ ಸಿಗುವುದಿಲ್ಲ, ಕೆಲಸ ಕೊಡುವವರಿಗೆ ಕಾಣುತ್ತದೆ. ಅದೂ ಬೇಡವೆಂದರೆ ಬೇಡವೇ ಸೈ. ಫೋಟೊದ ಜಾಗಕ್ಕೆ ಗುಲಾಬಿ ಹೂವು, ದೇವರ ಚಿತ್ರ, ಸಿನಿಮಾ ನಟಿಯ ಮುಖ ಹಾಕುವುದಕ್ಕಿಂತ ಖಾಲಿ ಬಿಡುವುದು ಮೇಲು. ಖಾಲಿ ಜಾಗವನ್ನು ಸಂಕೋಚ ಎಂದು ಓದುತ್ತಾರೆ, ಬೇರೆಯವರ ಮುಖವನ್ನು ವಂಚನೆ ಎಂದು ಓದುತ್ತಾರೆ.

ಭಾರತದಲ್ಲಿ 2023ರಿಂದ ಲಿಂಕ್ಡ್‌ಇನ್‌ನಲ್ಲಿ ಆಧಾರ್ ಮತ್ತು ಡಿಜಿಲಾಕರ್ ಮೂಲಕ ಗುರುತು ಖಚಿತಪಡಿಸುವ ಅವಕಾಶವೂ ಇದೆ. ಅದು ಮುಗಿದರೆ ಹೆಸರಿನ ಪಕ್ಕ ಒಂದು ಗುರುತು ಬೀಳುತ್ತದೆ. ಫೋಟೊ ತೋರಿಸಲು ಹಿಂಜರಿಯುವವರಿಗೆ ಇದು ನಿಜವಾದ ಆಸರೆ. ನಮ್ಮ ಕಡೆ ಇದರಲ್ಲಿ ಬರುವ ತೊಡಕು ಇನಿಷಿಯಲ್ಲಿನದು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರಿನದೂ ತಂದೆಯದೂ ಎರಡಕ್ಷರ, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು, ಲಿಂಕ್ಡ್‌ಇನ್‌ನಲ್ಲಿ ಗೆಳೆಯರು ಕರೆಯುವ ಹೆಸರು. ಮೂರೂ ಬೇರೆಯಾದರೆ ಯಂತ್ರವೂ ಒಪ್ಪುವುದಿಲ್ಲ, ಓದುವವರಿಗೂ ಅನುಮಾನ. ಆಧಾರಿನ ಹೆಸರನ್ನೇ ಪ್ರೊಫೈಲಿಗೂ ಇಟ್ಟುಬಿಡುವುದು ನೇರ ದಾರಿ.

ಇನ್ನು ಬ್ಯಾನರ್. ಫೋಟೊದ ಹಿಂದೆ ಅಡ್ಡಕ್ಕೆ ಹಬ್ಬಿರುವ ಈ ಪಟ್ಟಿಯ ಅಳತೆ 1584 ಪಿಕ್ಸೆಲ್ ಅಗಲ, 396 ಎತ್ತರ. ಎತ್ತರದ ನಾಲ್ಕು ಪಟ್ಟು ಅಗಲ. ಏನೂ ಹಾಕದಿದ್ದರೆ ಲಿಂಕ್ಡ್‌ಇನ್ ತನ್ನದೇ ಸಪ್ಪೆ ಬಣ್ಣ ಹಾಕುತ್ತದೆ. ಇಲ್ಲಿ ನಮ್ಮ ನಾಲ್ಕು ತಾಲ್ಲೂಕಿನವರಿಗೆ ಒಂದು ದೊಡ್ಡ ಆಕರ್ಷಣೆ ಇದೆ: ಊರೇ ಚೆಂದ. ಕಬಿನಿ ಹಿನ್ನೀರಿನಲ್ಲಿ ಆನೆಯ ಹಿಂಡು, ಧುಮ್ಮಿಕ್ಕುವ ಚುಂಚನಕಟ್ಟೆ, ಬೈಲುಕುಪ್ಪೆಯ ಚಿನ್ನದ ಬಣ್ಣದ ದೇವಾಲಯ, ಬೆಟ್ಟದಪುರದ ಬೆಟ್ಟ. ಅವುಗಳಲ್ಲಿ ಒಂದನ್ನು ಹಾಕಿದರೆ ತಪ್ಪೇನಿಲ್ಲ, ಆದರೆ ಅದು ಊರಿನ ಬಗ್ಗೆ ಹೇಳುತ್ತದೆ, ಮನುಷ್ಯರ ಬಗ್ಗೆ ಹೇಳುವುದಿಲ್ಲ. ಪಿರಿಯಾಪಟ್ಟಣದ ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲುಗಳ ಸಾಲಿನ ನಡುವೆ ಕೆಲಸ ಮಾಡಿದವನಿಗೆ ಆ ಸಾಲಿನ ಚಿತ್ರಕ್ಕಿಂತ ಒಳ್ಳೆಯ ಬ್ಯಾನರ್ ಬೇರೆ ಬೇಕಿಲ್ಲ. ಬ್ಯಾರನ್ನಿನಲ್ಲಿ ಸೌದೆ ಉಳಿಸುವ ವಿಧಾನ ರೈತರಿಗೆ ಹೇಳಿಕೊಡುವ ಕ್ಷೇತ್ರ ಸಹಾಯಕನಿಗೆ ಆ ಬ್ಯಾರನ್ನೇ ಬ್ಯಾನರ್. ಇದು ಕೆಲಸ ನಡೆಯುವ ಜಾಗ, ಈತ ಅಲ್ಲಿ ನಿಂತಿದ್ದಾನೆ ಎಂದು ಅದು ಒಂದೇ ನೋಟಕ್ಕೆ ಹೇಳುತ್ತದೆ.

ಕಬಿನಿಯ ಚಿತ್ರಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಛಾಯಾಗ್ರಾಹಕ ಮಿಥುನ್ ಎಚ್. ತೆಗೆದ, ಚಿರತೆ ಮತ್ತು ಅದರ ಹಿಂದೆ ನೆರಳಿನಂತೆ ನಿಂತ ಕರಿಚಿರತೆಯ ಚಿತ್ರ 2020ರಲ್ಲಿ ದೇಶವೆಲ್ಲ ಹರಿದಾಡಿತು. ಅಂಥ ಒಂದು ಚಿತ್ರಕ್ಕಾಗಿ ಕಾದವರ ದಿನಗಟ್ಟಲೆಯ ಶ್ರಮ ಅದರ ಹಿಂದಿರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವರದೇ, ವಾಟ್ಸ್ಆ್ಯಪಿನಲ್ಲಿ ಬಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಎಚ್.ಡಿ.ಕೋಟೆಯ ಕಡೆಯಿಂದ ಪ್ರವಾಸೋದ್ಯಮದ ಕೆಲಸ ಹುಡುಕುವವನು ಇನ್ನೊಬ್ಬರ ಪ್ರಸಿದ್ಧ ಚಿತ್ರವನ್ನು ಬ್ಯಾನರ್ ಮಾಡಿಕೊಂಡರೆ, ಅದನ್ನು ನೋಡುವ ರೆಸಾರ್ಟಿನವರಿಗೆ ಆ ಚಿತ್ರ ಯಾರದು ಎಂಬುದು ಗೊತ್ತೇ ಇರುತ್ತದೆ. ಸ್ವಂತ ಮೊಬೈಲಿನಲ್ಲಿ ತೆಗೆದ ಹಿನ್ನೀರಿನ ಮಂಜು ಇದಕ್ಕಿಂತ ಎಷ್ಟೋ ಪಾಲು ಮರ್ಯಾದೆ ತರುತ್ತದೆ.

ಸರ್ಕಾರದ ಲಾಂಛನದ ಬಗ್ಗೆಯೂ ಹೇಳಬೇಕು. ಪಂಚಾಯಿತಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ ಮಾಡುವವರು, ಸೇವಾ ಕೇಂದ್ರ ನಡೆಸುವವರು ಗೌರವ ಬರಲಿ ಎಂದು ಅಶೋಕಸ್ತಂಭದ ಸಿಂಹಗಳನ್ನು ಬ್ಯಾನರಿಗೆ ಹಾಕುವುದುಂಟು. 2005ರ ಕಾಯ್ದೆಯೊಂದು ಅನುಮತಿಯಿಲ್ಲದೆ ರಾಷ್ಟ್ರ ಲಾಂಛನ ಬಳಸುವುದನ್ನು ನಿಷೇಧಿಸಿದೆ. ಶಿಕ್ಷೆ ಎರಡು ವರ್ಷದವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತರಬೇತಿಗೆಂದು ಮೂರು ತಿಂಗಳು ಹೋಗಿಬಂದ ದೊಡ್ಡ ಕಂಪನಿಯ ಲೋಗೊ ಹಾಕುವುದಕ್ಕೆ ಇಷ್ಟು ಶಿಕ್ಷೆ ಇಲ್ಲದಿರಬಹುದು. ಆದರೆ ಅನುಭವದ ಪಟ್ಟಿಗೆ ಕಣ್ಣು ಇಳಿದ ಕೂಡಲೇ ಆ ಬ್ಯಾನರ್ ಸುಳ್ಳು ಎಂಬುದು ಗೊತ್ತಾಗುತ್ತದೆ.

ಮತ್ತೆ ನಮ್ಮ ಲೆಕ್ಕದ ಹುಡುಗಿಗೆ ಬರೋಣ. ಅವಳ ಕೆಲಸದ ಜಾಗ ಕಡತಗಳು ತುಂಬಿದ ಮೇಜು. ಅದರ ಫೋಟೊ ಬ್ಯಾನರಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಹಾಕಬಾರದು. ಕಡತದ ಬೆನ್ನಿನ ಮೇಲೆ ಅಂಗಡಿಗಳ ಹೆಸರಿರುತ್ತದೆ, ಕಂಪ್ಯೂಟರಿನ ಪರದೆಯ ಮೇಲೆ ಯಾರದೋ ವಹಿವಾಟು ತೆರೆದಿರುತ್ತದೆ. ಇನ್ನೊಬ್ಬರ ಲೆಕ್ಕ ಕಾಯುವ ಕೆಲಸ ಕೇಳುವವಳು ಮೊದಲ ಚಿತ್ರದಲ್ಲೇ ಅದನ್ನು ಬಯಲಿಗಿಟ್ಟ ಹಾಗಾಗುತ್ತದೆ. ಅವಳಿಗೆ ಒಂದೇ ಗಾಢ ಬಣ್ಣದ ಪಟ್ಟಿ ಸಾಕು, ಅದರ ಮೇಲೆ ಒಂದು ಸಾಲು: ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಮತ್ತು ಟ್ಯಾಲಿ ಲೆಕ್ಕ, ಹುಣಸೂರು–ಮೈಸೂರು. ಇಂಗ್ಲಿಷಿನಲ್ಲಿ ಬರೆದರೆ ಮೈಸೂರಿನ ಕಂಪನಿಗೆ, ಕನ್ನಡದಲ್ಲಿ ಬರೆದರೆ ಅಂಗಡಿಯವರಿಗೆ. ಎರಡೂ ಸಾಲು ಬೇಕೆಂದರೆ ಎರಡನ್ನೂ ಬರೆಯಲಿ, ಮೂರನೆಯದು ಬೇಡ. ಸಾಲು ಬಲಭಾಗದಲ್ಲಿರಲಿ. ಎಡಗಡೆ ಕೆಳಗೆ ದುಂಡು ಫೋಟೊ ಬಂದು ಕೂರುತ್ತದೆ, ಅಲ್ಲಿ ಬರೆದದ್ದೆಲ್ಲ ಮುಚ್ಚಿಹೋಗುತ್ತದೆ. ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಮೊಬೈಲಿನಲ್ಲಿ ಇನ್ನೂ ಹೆಚ್ಚು ಮುಚ್ಚಿರಬಹುದು, ಹಾಗಾಗಿ ಎರಡರಲ್ಲೂ ನೋಡಬೇಕು.

ಇಷ್ಟೆಲ್ಲ ಆದ ಮೇಲೆ ನಂಬಿಕೆ ನಿಜವಾಗಿ ಹುಟ್ಟುವ ಜಾಗ ಬರುತ್ತದೆ. ಲಿಂಕ್ಡ್‌ಇನ್ ಅದನ್ನು Featured ಎಂದು ಕರೆಯುತ್ತದೆ. ಪ್ರೊಫೈಲಿನ ಪರಿಚಯದ ಸಾಲುಗಳ ಕೆಳಗೆ, ಅನುಭವದ ಪಟ್ಟಿಗಿಂತ ಮೇಲೆ, ಅಡ್ಡಕ್ಕೆ ಜೋಡಿಸಿದ ಚೌಕಗಳು. Add profile section ಎಂಬಲ್ಲಿ ಒತ್ತಿದರೆ ಸೇರಿಸಬಹುದು. ತಾನು ಬರೆದ ಪೋಸ್ಟು, ಲೇಖನ, ಯಾವುದಾದರೂ ಲಿಂಕು, ಚಿತ್ರ ಅಥವಾ ಪಿಡಿಎಫ್, ಏನನ್ನಾದರೂ ಇಡಬಹುದು. ಸಾಲು ಹಿಂದುಮುಂದು ಮಾಡಬಹುದು. ಮೊಬೈಲಿನಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಅರೆಬರೆ ಕಾಣುತ್ತದೆ, ಉಳಿದವನ್ನು ಬೆರಳಿನಿಂದ ಸರಿಸಿ ನೋಡಬೇಕು. ಅಷ್ಟು ಸರಿಸುವವರು ಕಡಿಮೆ ಎಂದುಕೊಂಡೇ ಮೊದಲ ಚೌಕವನ್ನು ಆರಿಸಬೇಕು.

ನಮ್ಮವರು ಅಲ್ಲಿ ಇಡುವುದು ಹೆಚ್ಚಾಗಿ ಸರ್ಟಿಫಿಕೇಟು. ಒಂದು ಗಂಟೆಯ ಆನ್‌ಲೈನ್ ಕೋರ್ಸು ಮುಗಿಸಿದ್ದಕ್ಕೆ ಬಂದದ್ದು, ಕಾಲೇಜಿನ ವಿಚಾರ ಸಂಕಿರಣದಲ್ಲಿ ಭಾಗವಹಿಸಿದ್ದಕ್ಕೆ ಬಂದದ್ದು. ಕೆಲವರು ಅಂಕಪಟ್ಟಿಯನ್ನೇ ಇಡುತ್ತಾರೆ. ಅದರಲ್ಲಿ ನೋಂದಣಿ ಸಂಖ್ಯೆ, ಹುಟ್ಟಿದ ದಿನ, ತಂದೆ ತಾಯಿಯ ಹೆಸರು ಎಲ್ಲವೂ ಇರುತ್ತದೆ. ಬೇರೆ ಹೆಸರಲ್ಲಿ ಅರ್ಜಿ ಹಾಕುವವರಿಗೆ, ಸಾಲ ಎತ್ತುವವರಿಗೆ ಇದಕ್ಕಿಂತ ಅನುಕೂಲದ ವಸ್ತು ಇಲ್ಲ. ಮೇಲಾಗಿ ಸರ್ಟಿಫಿಕೇಟು ಹೇಳುವುದು ಈಕೆ ಕೂತಿದ್ದಳು ಎಂದು. ನೋಡುವವರಿಗೆ ಬೇಕಾದದ್ದು ಈಕೆ ಮಾಡುತ್ತಾಳೆಯೇ ಎಂಬುದು.

ಹಾಗಾದರೆ ಅವಳು ಏನು ಇಡಬೇಕು? ದಿನಾ ಮಾಡುವ ಕೆಲಸದ ಒಂದು ತುಣುಕು. ಅವಳ ಆಫೀಸಿಗೆ ಬರುವ ಗೊಬ್ಬರ-ಔಷಧಿ ಅಂಗಡಿಗಳು ಪ್ರತಿ ತಿಂಗಳು ಕೊಂಡ ಸರಕಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಲೆಕ್ಕದಲ್ಲಿ ವಾಪಸು ಪಡೆಯುತ್ತವೆ. ಆದರೆ 2022ರ ಜನವರಿ 1ರಿಂದ, ಮಾರಿದವನು ಆ ಬಿಲ್ಲನ್ನು ತನ್ನ ಜಿಎಸ್‌ಟಿಆರ್–1ರಲ್ಲಿ ತೋರಿಸಿ, ಅದು ಕೊಂಡವನ ಜಿಎಸ್‌ಟಿಆರ್–2ಬಿ ಪಟ್ಟಿಯಲ್ಲಿ ಬಂದರೆ ಮಾತ್ರ ಆ ಹಣ ಸಿಗುತ್ತದೆ. ತಿಂಗಳಿಗೊಮ್ಮೆ ಸಲ್ಲಿಸುವ ಮಾರಾಟಗಾರನಿಗೆ ಗಡುವು ಮುಂದಿನ ತಿಂಗಳ 11, ಪಟ್ಟಿ ತಯಾರಾಗುವುದು 14ರಂದು. ಅಂಗಡಿಯ ಖರೀದಿ ಪುಸ್ತಕವನ್ನೂ ಆ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಅವಳ ಕೆಲಸ.

ಇದನ್ನೇ ಅವಳು ಎರಡು ಪುಟದ ಪಿಡಿಎಫ್ ಮಾಡಲಿ. ಅಂಗಡಿಯ ಹೆಸರು, ಜಿಎಸ್‌ಟಿ ಸಂಖ್ಯೆ, ಮೊತ್ತ ಎಲ್ಲ ಕಲ್ಪಿತ, ಹಾಗೆಂದು ಮೊದಲ ಸಾಲಿನಲ್ಲೇ ಬರೆದಿರಬೇಕು. ಒಂದನೇ ಪುಟದಲ್ಲಿ ಪಟ್ಟಿ: ಪುಸ್ತಕದಲ್ಲಿ 42 ಬಿಲ್ಲು, 2ಬಿಯಲ್ಲಿ 38. ಎರಡನೇ ಪುಟದಲ್ಲಿ ತಪ್ಪಿಹೋದ ನಾಲ್ಕರ ಕಥೆ. ಎರಡು ಬಿಲ್ಲಿನ ಮಾರಾಟಗಾರ 11ರೊಳಗೆ ಸಲ್ಲಿಸಿಲ್ಲ, ಮುಂದಿನ ತಿಂಗಳು ಬರುತ್ತದೆ, ಈ ತಿಂಗಳು ಆ ಹಣ ಪಡೆಯಬಾರದು. ಒಂದರಲ್ಲಿ ಮಾರಾಟಗಾರ ಅಂಗಡಿಯ ಜಿಎಸ್‌ಟಿ ಸಂಖ್ಯೆಯ ಬದಲು ಬೇರೊಬ್ಬರ ಸಂಖ್ಯೆ ಬರೆದಿದ್ದಾನೆ, ಬಿಲ್ಲು ಅವರ ಖಾತೆಗೆ ಹೋಗಿದೆ, ಮಾರಾಟಗಾರನಿಗೆ ಫೋನ್ ಮಾಡಿ ತಿದ್ದಿಸಬೇಕು. ಇನ್ನೊಂದು ಈ ತಿಂಗಳ ಬಿಲ್ಲೇ ಅಲ್ಲ, ಹೋದ ತಿಂಗಳ ಬಿಲ್ಲನ್ನು ಅಂಗಡಿಯಲ್ಲಿ ಎರಡು ಸಲ ಬರೆದುಕೊಂಡಿದ್ದಾರೆ. ಮೈಸೂರಿನ ಅಕೌಂಟ್ಸ್ ಮ್ಯಾನೇಜರ್ ಇದನ್ನು ಓದಲು ಎರಡು ನಿಮಿಷ ಸಾಕು. ನಾಲ್ಕೂ ತಪ್ಪು ಅವರು ದಿನಾ ನೋಡುವಂಥವು. ಮೂರನೆಯದನ್ನು ಕಂಡುಹಿಡಿದು ಫೋನ್ ಮಾಡಿಸುತ್ತಾಳೆ ಎಂದರೆ ಇವಳು ಈ ಕೆಲಸದಲ್ಲಿ ನಿಜವಾಗಿ ಕೂತವಳು ಎಂಬುದು ಅವರಿಗೆ ಗೊತ್ತಾಗುತ್ತದೆ. ಯಾವ ಕೋಟೂ ಹೇಳಲಾರದ ಮಾತು ಇದು.

ಎರಡನೇ ಚೌಕಕ್ಕೆ ಅವಳು ಕನ್ನಡದಲ್ಲಿ ಬರೆದ ಒಂದು ಪೋಸ್ಟು ಇರಲಿ: ಸರಬರಾಜುದಾರ ತಡಮಾಡಿದರೆ ನಿಮ್ಮ ಹಣ ಯಾಕೆ ನಿಲ್ಲುತ್ತದೆ ಎಂದು ಅಂಗಡಿಯವರಿಗೆ ಹೇಳುವಂಥದ್ದು. ಮೂರನೆಯದು ಇಲ್ಲದಿದ್ದರೂ ನಡೆಯುತ್ತದೆ.

ಪಿಡಿಎಫನ್ನು ನೇರವಾಗಿ ಲಿಂಕ್ಡ್‌ಇನ್‌ಗೇ ಏರಿಸುವುದು ಒಳ್ಳೆಯದು. ಗೂಗಲ್ ಡ್ರೈವಿನಲ್ಲಿಟ್ಟು ಲಿಂಕು ಹಾಕಿದವರು ಅನುಮತಿ ಬದಲಿಸಲು ಮರೆತರೆ, ಒತ್ತಿದವರಿಗೆ Request access ಎಂಬ ಪುಟ ಕಾಣುತ್ತದೆ. ಅನುಮತಿ ಕೇಳಿ ಕಾಯುವಷ್ಟು ಸಮಯ ಯಾರಿಗೂ ಇಲ್ಲ, ಅವರು ಮುಂದಿನ ಪ್ರೊಫೈಲಿಗೆ ಹೋಗುತ್ತಾರೆ. ಹಾಕಿದವರಿಗೆ ಮಾತ್ರ ತನ್ನ ಖಾತೆಯಲ್ಲಿ ಎಲ್ಲವೂ ಸರಿಯಾಗಿಯೇ ತೆರೆಯುತ್ತಿರುತ್ತದೆ. ಇಲ್ಲಿಯೂ ಮದ್ದು ಅದೇ ಇನ್‌ಕಾಗ್ನಿಟೊ ಕಿಟಕಿ.

ಎಚ್.ಡಿ.ಕೋಟೆಯ ಕಡೆ ಕಾರಾಪುರ, ಅಂತರಸಂತೆಯ ಸುತ್ತಮುತ್ತ ಸಫಾರಿ ಮಾರ್ಗದರ್ಶಿಗಳಾಗಿ ದುಡಿಯುವ, ದುಡಿಯಬಯಸುವ ಹುಡುಗರಿದ್ದಾರೆ, ಅವರಲ್ಲಿ ಜೇನುಕುರುಬರ ಮಕ್ಕಳೂ ಇದ್ದಾರೆ. ಕಾಡಿನ ಬಗ್ಗೆ ಅವರಿಗಿರುವ ತಿಳಿವಳಿಕೆಯನ್ನು ಸರ್ಟಿಫಿಕೇಟಿನಲ್ಲಿ ತೋರಿಸಲು ಬರುವುದಿಲ್ಲ. ಅವರಿಗೆ ಈ ಜಾಗದಲ್ಲಿ ಇಡಲು ಒಂದು ಒಳ್ಳೆಯ ವಸ್ತುವಿದೆ: ಹಕ್ಕಿಗಳ ಪಟ್ಟಿ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ನಡೆಸುವ ಇಬರ್ಡ್‌ನಲ್ಲಿ ಯಾರು ಬೇಕಾದರೂ ಮೊಬೈಲಿನಿಂದಲೇ ಪಟ್ಟಿ ಸಲ್ಲಿಸಬಹುದು. ಯಾವ ದಿನ, ಯಾವ ಜಾಗ, ಎಷ್ಟು ಹೊತ್ತು, ಯಾವ ಹಕ್ಕಿ ಎಷ್ಟು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಅಪರೂಪದ್ದು ಬರೆದರೆ ಪರಿಶೀಲಿಸುವವರು ಪುರಾವೆ ಕೇಳುತ್ತಾರೆ. ಒಂದು ವರ್ಷ ಬಿಡದೆ ಸಲ್ಲಿಸಿದ ಪಟ್ಟಿಗಳ ಲಿಂಕು ಮೊದಲ ಚೌಕದಲ್ಲಿದ್ದರೆ, ನನಗೆ ಕಾಡು ಗೊತ್ತು ಎಂದು ಬರೆಯಬೇಕಾದ ಅಗತ್ಯವೇ ಬೀಳುವುದಿಲ್ಲ.

ಆ ಹುಡುಗರು ಇಡಬಾರದ ಚಿತ್ರವೂ ಒಂದಿದೆ. ಜೀಪಿನಿಂದ ಇಳಿದು ಹಿಂದೆ ಆನೆ ಕಾಣುವಂತೆ ತೆಗೆಸಿಕೊಂಡ ಫೋಟೊ. ಗೆಳೆಯರಿಗೆ ಅದು ಧೈರ್ಯ. ಹುಲಿ ಸಂರಕ್ಷಿತ ಪ್ರದೇಶದ ಸಫಾರಿಯಲ್ಲಿ ವಾಹನದಿಂದ ಇಳಿಯುವುದು ನಿಷಿದ್ಧ ಎಂಬುದು ಗೊತ್ತಿರುವ ರೆಸಾರ್ಟಿನ ವ್ಯವಸ್ಥಾಪಕರಿಗೆ ಅದು ನಿಯಮ ಮುರಿದದ್ದಕ್ಕೆ ಸಾಕ್ಷಿ, ಅದೂ ಸ್ವಂತ ಕೈಯಿಂದ ಕೊಟ್ಟ ಸಾಕ್ಷಿ. ಪ್ರವಾಸಿಗರ ಜೀವವನ್ನು ಇಂಥವನ ಕೈಗೆ ಕೊಡಲು ಅವರು ಹೆದರುತ್ತಾರೆ.

ಮುಖ, ಬ್ಯಾನರ್, ಚೌಕ, ಈ ಮೂರೂ ಒಂದೇ ಮನುಷ್ಯನ ಬಗ್ಗೆ ಮಾತಾಡುತ್ತಿವೆಯೇ ಎಂಬುದೇ ನೋಡುವವರ ಮನಸ್ಸಿನಲ್ಲಿ ಓಡುವ ಪ್ರಶ್ನೆ. ಹುಡುಗಿಯ ಮುಖ ಸಂದರ್ಶನಕ್ಕೆ ಬರುವವಳದು, ಬ್ಯಾನರ್ ಹೇಳುವುದು ಅವಳು ಮಾಡುವ ಕೆಲಸ, ಚೌಕದಲ್ಲಿರುವುದು ಆ ಕೆಲಸದ್ದೇ ತುಣುಕು. ಅವಳು ಮಾಡಿಕೊಂಡದ್ದಕ್ಕೆ ಖರ್ಚಾದದ್ದು ಒಂದು ಭಾನುವಾರ.

ಇಷ್ಟು ಹೇಳಿದ ಮೇಲೆ ನಾಲ್ಕೂ ಪಟ್ಟಣದ ಸ್ಟುಡಿಯೊದವರಲ್ಲಿ ಒಂದು ಬೇಡಿಕೆ. ಪಾಸ್‌ಪೋರ್ಟ್ ಸೈಜು, ಸ್ಟಾಂಪ್ ಸೈಜು, ಲ್ಯಾಮಿನೇಷನ್ ಎಂದು ದರ ಬರೆದ ನಿಮ್ಮ ಬೋರ್ಡಿನಲ್ಲಿ ಇನ್ನೊಂದು ಸಾಲು ಸೇರಿಸಿ: ಪ್ರೊಫೈಲ್ ಫೋಟೊ. ಬೆಳಕು ನಿಮ್ಮ ಬಳಿ ಇದೆ, ಕ್ಯಾಮೆರಾ ಇದೆ, ಮುಖ ನೋಡಿ ಅಳತೆ ಹೇಳುವ ಕಣ್ಣು ಇದೆ. ಹುಡುಗರು ಹಾಕಿಕೊಂಡು ಬಂದ ಬಟ್ಟೆಯಲ್ಲೇ, ಅವರ ಬಣ್ಣದಲ್ಲೇ ತೆಗೆಯಿರಿ, ಚೌಕಾಕಾರಕ್ಕೆ ಕತ್ತರಿಸಿ, ವಾಟ್ಸ್ಆ್ಯಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ. ಕೋಟಿಗೆ ತೆಗೆದುಕೊಳ್ಳುವಷ್ಟೇ ದುಡ್ಡು ಅದಕ್ಕೂ ತೆಗೆದುಕೊಳ್ಳಿ.